ಹಳೆಯ ಫೋಟೊ, ವಿಡಿಯೊ ಎತ್ತಿಡಲು ಯಾವ ಡ್ರೈವ್?

ಎಲ್ಲರಿಗೂ ನಮಸ್ಕಾರ. ಎಕ್ಸ್‌ಟರ್ನಲ್ ಡ್ರೈವ್ ಬಗ್ಗೆ ಸುಮಾರು ಜನ ಕೇಳಿದ್ದೀರಿ, ಅದಕ್ಕೇ ಇದು.

ನಿಮ್ಮ ಬಳಿ ಈಗ 600 ಜಿಬಿ ಇದೆ ಅಂದುಕೊಳ್ಳಿ. 1 ಟಿಬಿ ಬೇಗ ತುಂಬುತ್ತದೆ, 2 ಟಿಬಿ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಅದು ಸುಮಾರು 1.81 ಟಿಬಿ ಅಂತ ಕಾಣುತ್ತದೆ. ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ, ಮೋಸವಲ್ಲ.

ವರ್ಷಗಟ್ಟಲೆ ಕಪಾಟಿನಲ್ಲಿಡುವುದಾದರೆ ನನ್ನ ಮತ ಹಾರ್ಡ್ ಡಿಸ್ಕ್‌ಗೇ. ಎಸ್‌ಎಸ್‌ಡಿ ವೇಗ ಜಾಸ್ತಿ, ಬಿದ್ದರೂ ತಡೆಯುತ್ತದೆ. ಆದರೆ ಅದು ಡೇಟಾವನ್ನು ವಿದ್ಯುತ್ ಚಾರ್ಜ್ ರೂಪದಲ್ಲಿ ಹಿಡಿದಿಡುತ್ತದೆ. ಬಹುಕಾಲ ಕರೆಂಟ್ ಕೊಡದಿದ್ದರೆ ಆ ಚಾರ್ಜ್ ಸೋರಿ ಫೈಲ್ ಕೆಡಬಹುದು.

ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಎಂಬಿ ಬರೆದರೆ 600 ಜಿಬಿಗೆ ಒಂದೂವರೆ ಗಂಟೆ ಸಾಕು. ಸಣ್ಣ ಫೈಲ್‌ಗಳೇ ತುಂಬಿದ್ದರೆ ಇನ್ನೂ ತಡ. ಹಳೆಯ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿದರೆ ಐದು ಗಂಟೆ ಹತ್ತಿರ ಹೋಗುತ್ತದೆ. ಆಗ ಡ್ರೈವ್ ಬೈದು ಏನು ಪ್ರಯೋಜನ, ಅಲ್ವಾ?

ಯಾವ ಕಂಪನಿಯದಾದರೂ ಡ್ರೈವ್ ಒಂದು ದಿನ ಕೈಕೊಡುತ್ತದೆ. ದುಬಾರಿ ಒಂದರ ಬದಲು ಸಾಧಾರಣ ಎರಡು ಕೊಂಡು, ಎರಡರಲ್ಲೂ ಪೂರ್ತಿ ಪ್ರತಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ವರ್ಷಕ್ಕೊಮ್ಮೆ ಜೋಡಿಸಿ ಕೆಲವು ಫೈಲ್ ತೆರೆದು ನೋಡಿ. ಟಕ್ ಟಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಇನ್ನೊಂದರಿಂದ ಹೊಸ ಪ್ರತಿ ಮಾಡಿಕೊಳ್ಳಿ.