ಹೊಸ ಖಾತೆಗೆ ಹಣ ಕಳಿಸುವಾಗ ಒಂದು ದಿನ ತಡ ಆಗಬಹುದು

ಸಂಘದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ 1ನೇ ತಾರೀಕಿನಿಂದ ಕೌಂಟರಿನಲ್ಲಿ ಒಂದು ಬದಲಾವಣೆ ಇದೆ. ನೀವು ಹಿಂದೆಂದೂ ಹಣ ಕಳಿಸದ ಖಾತೆಗೆ 10,000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಂದರೆ, ಯಾತಕ್ಕೆ ಅಂತ ಕೇಳುತ್ತೇವೆ. ‘ಕಳೆದುಹೋದ ದುಡ್ಡು ವಾಪಸ್ ಬರಲು ಶುಲ್ಕ ಕಟ್ಟಬೇಕು’ ಅಂದರೆ ಅವತ್ತು ಕಳಿಸುವುದಿಲ್ಲ. ಮರುದಿನ ಬೆಳಿಗ್ಗೆ ನಾವೇ ಫೋನ್ ಮಾಡಿ ಮಾತಾಡುತ್ತೇವೆ. ಆಸ್ಪತ್ರೆ ಬಿಲ್ಲು, ಕಾಲೇಜು ಫೀಸಿಗೆಲ್ಲ ಈ ತಡೆ ಇಲ್ಲ.

ಇದಕ್ಕೆ ಕಾರಣ ನಮ್ಮ ಸದಸ್ಯರೊಬ್ಬರಿಗೆ ಆದ ಅನುಭವ. ಹೆಸರು ಹಾಕಬೇಡಿ ಅಂದಿದ್ದಾರೆ. ಷೇರು ವ್ಯವಹಾರದ ನಕಲಿ ಆ್ಯಪ್ ನಂಬಿ ಅವರು 1,80,000 ರೂಪಾಯಿ ಕಳೆದುಕೊಂಡಿದ್ದರು. ಮೂರು ತಿಂಗಳ ಮೇಲೆ ಒಂದು ಫೋನ್ ಬಂತು. ‘ಸೈಬರ್ ವಿಭಾಗದಿಂದ ಮಾತಾಡ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ’ ಅಂದರು. ಹೋದ ಮೊತ್ತ, ಹೋದ ತಾರೀಕು ಎರಡೂ ಸರಿಯಾಗಿ ಹೇಳಿದರು. ಅಲ್ಲೇ ಇವರು ನಂಬಿದ್ದು. ಆದರೆ ಆ ಲೆಕ್ಕ ಮೊದಲು ಮೋಸ ಮಾಡಿದವರ ಬಳಿ ಇದ್ದೇ ಇರುತ್ತದೆ ಅಲ್ವಾ? ಅವರೇ ಮತ್ತೆ ಫೋನ್ ಮಾಡುತ್ತಾರೆ, ಇಲ್ಲವೇ ಪಟ್ಟಿಯನ್ನು ಇನ್ನೊಬ್ಬರಿಗೆ ಮಾರುತ್ತಾರೆ.

ಮೊದಲು ಕೇಳಿದ್ದು ಫೈಲ್ ಚಾರ್ಜ್ 2,500, ಅದಕ್ಕೆ ಜಿಎಸ್‌ಟಿ 450. ಮೊಬೈಲಿನಲ್ಲೇ ಕಟ್ಟಿಬಿಟ್ಟರು. ಮರುದಿನ ‘ಪೂರ್ತಿ ಮೊತ್ತಕ್ಕೆ ಶೇ. 18 ತೆರಿಗೆ’ ಅಂತ 32,400 ಕೇಳಿದರು. ಅದನ್ನು ಕಳಿಸಲು ನಮ್ಮ ಕೌಂಟರಿಗೆ ಬಂದರು. ಚೀಟಿಯಲ್ಲಿದ್ದದ್ದು ಯಾರೋ ಒಬ್ಬರ ಹೆಸರಿನ ಉಳಿತಾಯ ಖಾತೆ. ಸರ್ಕಾರದ ತೆರಿಗೆ ಯಾರದೋ ಸ್ವಂತ ಖಾತೆಗೆ ಹೋಗುತ್ತದೆಯೇ ಅಂತ ನಮ್ಮ ಕ್ಲರ್ಕ್‌ಗೆ ಅನುಮಾನ ಬಂತು. ‘ಸಿಕ್ಕಿರೋ ದುಡ್ಡಲ್ಲೇ ಮುರ್ಕೊಳ್ಳಿ ಅಂತ ಕೇಳಿ ನೋಡಿ ಅಣ್ಣ’ ಅಂದರು. ಕೇಳಿದ್ದೇ ತಡ, ಆ ಕಡೆಯವನು ರೇಗಿಬಿದ್ದು ‘ಇವತ್ತು ಕಟ್ಟದಿದ್ದರೆ ಫೈಲ್ ಕ್ಲೋಸ್’ ಅಂದ. 32,400 ಉಳಿಯಿತು. 2,950 ಹೋಯಿತು.

ನಿಜವಾಗಿ ಹಣ ವಾಪಸ್ ಬರುವ ದಾರಿ ಬೇರೆ. 1930ಕ್ಕೆ ಫೋನ್ ಮಾಡಿ ಅಥವಾ cybercrime.gov.in ನಲ್ಲಿ ದೂರು ಕೊಟ್ಟಾಗ, ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಅದನ್ನು ಬಿಡಿಸಲು ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕು, ಸಮಯ ಹಿಡಿಯುತ್ತದೆ. ದೂರಿಗೆ ಶುಲ್ಕ ಇಲ್ಲ. ವಕೀಲರನ್ನು ಹಿಡಿದರೆ ಅವರ ಫೀಸು ಇರುತ್ತದೆ, ಆದರೆ ಅವರನ್ನು ಹುಡುಕಿಕೊಂಡು ಹೋಗುವುದು ನೀವು. ತಡವಾಗಿ ದೂರು ಕೊಟ್ಟರೆ ಏನೂ ಸಿಗದೆಯೂ ಹೋಗಬಹುದು. ಇದನ್ನು ಹೇಳಲು ನಮಗೂ ಬೇಜಾರು.

ಇನ್ನೊಂದು ವಿಷಯ. ‘ಸೊಸೈಟಿಯಲ್ಲಿ ಕೇಳಿದರೆ ಮನೆ ರಿಪೇರಿಗೆ ಅನ್ನಿ’ ಅಂತ ಆ ಜನವೇ ಹೇಳಿಕೊಡುತ್ತಾರೆ. ಹಾಗೆ ಹೇಳಿಕೊಟ್ಟಿದ್ದರೆ ಅದನ್ನೂ ನಮಗೆ ಹೇಳಿ. ಈಗಾಗಲೇ ಶುಲ್ಕ ಕಟ್ಟಿದವರು ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ಇವತ್ತೇ 1930ಕ್ಕೆ ಫೋನ್ ಮಾಡಿ ಈ ಎರಡನೇ ಮೋಸವನ್ನೂ ಬರೆಸಿ. ಹಳೇ ದೂರಿನ ನಂಬರ್ ಕೈಯಲ್ಲಿಟ್ಟುಕೊಳ್ಳಿ.

ಇಂತಿ,
ಕಾರ್ಯದರ್ಶಿ