ತಿಂಗಳ ಕೆಎಸ್‌ಟಿ ನೋಡುವವರಿಗೆ

ದಾವಣಗೆರೆ ಗುಂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರ ದೋಸೆ ತಿನ್ನುತ್ತಾ ಕೆಲವರು ಕೇಳಿದ್ರಿ: ಷೇರು ಬೆಲೆಯ 24 ತಿಂಗಳ ಬದಲಾವಣೆ ಇನ್ನೂ ಇಳಿಯುತ್ತಿದ್ದರೂ, ಬೆಲೆಯ ವೇಗ ತೋರಿಸುವ ಕೆಎಸ್‌ಟಿ ಯಾಕೆ ಮೇಲೆ ತಿರುಗಿತು ಅಂತ.

ಮಾರ್ಟಿನ್ ಪ್ರಿಂಗ್ ರೂಪಿಸಿದ ಈ ಸೂಚಕ 9, 12, 18, 24 ತಿಂಗಳಲ್ಲಿ ಬೆಲೆ ಶೇಕಡಾ ಎಷ್ಟು ಬದಲಾಯಿತು ಅಂತ ನೋಡುತ್ತದೆ. ಮೊದಲ ಮೂರಕ್ಕೆ 6 ತಿಂಗಳ ಸರಾಸರಿ, ಕೊನೆಯದಕ್ಕೆ 9 ತಿಂಗಳದ್ದು. ಆಮೇಲೆ ಅವನ್ನು 1, 2, 3, 4ರಿಂದ ಗುಣಿಸಿ ಕೂಡಬೇಕು.

ಉದಾಹರಣೆಗೆ, ಹೋದ ತಿಂಗಳ ಸರಾಸರಿಗಳು 4, 6, 10, 15 ಅಂದುಕೊಳ್ಳಿ. ಮೊತ್ತ 4+12+30+60, ಅಂದರೆ 106. ಈ ತಿಂಗಳು 7, 8, 10, 14 ಆದರೆ 7+16+30+56, ಅಂದರೆ 109. ದೊಡ್ಡ ಅವಧಿ ಇಳಿದರೂ ಚಿಕ್ಕವೆರಡು ಜೋರಾಗಿ ಏರಿದ್ದಕ್ಕೆ ಮೊತ್ತ ತಿರುಗಿತು, ಅಲ್ವಾ?

ಆದರೆ ಒಂದೇ ತಿರುವು ನೋಡಿ ದುಡ್ಡು ಹಾಕಬೇಡಿ. ಕೆಎಸ್‌ಟಿ ತನ್ನದೇ 9 ತಿಂಗಳ ಸರಾಸರಿ ಗೆರೆಯನ್ನು ದಾಟಲಿ. ಅದೂ ತಿಂಗಳ ಕೊನೆಯ ಬೆಲೆ ಬಂದ ಮೇಲೆ ನೋಡಿ. ನಡುವೆ ಕಂಡ ದಾಟು ಎಷ್ಟೋ ಸಲ ಅಳಿಸಿಹೋಗುತ್ತದೆ.

ಇನ್ನೊಂದು ಮಾತು. ಷೇರು ತಿಂಗಳಿಗೆ 10 ರೂಪಾಯಿಯಂತೆ ಏರುತ್ತಲೇ ಇದ್ದರೂ ಶೇಕಡಾ ಲೆಕ್ಕ ಕಮ್ಮಿಯಾಗುತ್ತಾ ಹೋಗುತ್ತದೆ. ಆಗ ಕೆಎಸ್‌ಟಿ ಸುಮ್ನೆ ಕೆಳಗೆ ತಿರುಗುತ್ತದೆ. ಬೆಲೆಯ ಏರುತ್ತಿರುವ ತಳಗಳನ್ನು ಜೋಡಿಸುವ ಏರು ಗೆರೆ ಮುರಿಯುವ ತನಕ ಮಾರಬೇಡಿ.