ಡೆಮೋ ಕ್ಲಾಸಿಗೆ ಹೋಗುವ ಮುಂಚೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದ ಸುದ್ದಿ ನಿಮ್ಮಮ್ಮ ಹೇಳಿದಳು. ಗಣಿತದ ಬಗ್ಗೆ ಏನು ಕೇಳಿದರೂ ನಿನಗೆ ಭಯವಿಲ್ಲ, ಆದರೆ "ನಿಮ್ಮ ಪಾಠದ ಬಗ್ಗೆ ಯಾರಾದರೂ ಟೀಕೆ ಮಾಡಿದ್ದರೆ ಹೇಳಿ, ಆಮೇಲೆ ಏನು ಬದಲಾಯಿಸಿಕೊಂಡಿರಿ?" ಅಂತ ಕೇಳಿದರೆ ಏನು ಹೇಳೋದು ಅಂತ ಚಿಂತೆ ಮಾಡ್ತಿದ್ದೀಯಂತೆ. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಸಂದರ್ಶನದ ಮೇಜಿನ ಆ ಕಡೆ ಕೂತು ಇದೇ ಪ್ರಶ್ನೆಯನ್ನ ನಾನೂ ಕೇಳಿದ್ದೇನೆ. ಹಾಗಾಗಿ ಆ ಕಡೆಯವರು ಏನನ್ನ ಹುಡುಕ್ತಿರ್ತಾರೆ ಅಂತ ಬರೀತೀನಿ.

"ಟೀಕೆಯನ್ನ ನಾನು ಯಾವಾಗಲೂ ಒಳ್ಳೆ ರೀತಿಯಲ್ಲೇ ತಗೋತೀನಿ" ಅಂತ ಬಹಳ ಜನ ಹೇಳ್ತಾರೆ. ಅದರಲ್ಲಿ ಪಾಠವೂ ಇಲ್ಲ, ಟೀಕೆಯೂ ಇಲ್ಲ. ಇನ್ನು ಕೆಲವರು "ನಾನು ಮಕ್ಕಳಿಗೋಸ್ಕರ ಜಾಸ್ತಿ ಕಷ್ಟಪಡ್ತೀನಿ ಅಂತ ಹೇಳಿದ್ರು" ಅಂತ ಹೊಗಳಿಕೆಗೇ ಟೀಕೆಯ ವೇಷ ಹಾಕ್ತಾರೆ. ಕೇಳುವವರು ತಕ್ಷಣ "ಯಾವ ತರಗತಿ? ಮಾರನೇ ದಿನ ಏನು ಮಾಡಿದಿರಿ?" ಅಂತ ಮುಂದಿನ ಪ್ರಶ್ನೆ ಹಾಕ್ತಾರೆ. ನಡೆದದ್ದನ್ನ ಹೇಳುವವರಿಗೆ ಅಲ್ಲಿ ಬಾಯಿ ತೆರೆಯುತ್ತೆ, ಕಟ್ಟಿ ಹೇಳುವವರಿಗೆ ಅಲ್ಲೇ ಮಾತು ನಿಲ್ಲುತ್ತೆ.

ನೀನು ಹೊಸದಾಗಿ ಏನನ್ನೂ ಹುಡುಕಬೇಕಾಗಿಲ್ಲ. ಬಿ.ಎಡ್. ಎರಡನೇ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಆರನೇ ತರಗತಿಗೆ ಭಿನ್ನರಾಶಿ ಸಂಕಲನ ಮಾಡಿದ ದಿನ ಅತ್ತುಕೊಂಡು ಫೋನ್ ಮಾಡಿದ್ದೆಯಲ್ಲ, ಅದನ್ನೇ ಹೇಳು. ಪಾಠ ನೋಡಲು ಬಂದ ಮೇಡಂ ನಿನ್ನ ಪಾಠ ಯೋಜನೆಯ ಅಂಚಿನಲ್ಲಿ ಬರೆದದ್ದು ನನಗೆ ಚೆನ್ನಾಗಿ ನೆನಪಿದೆ: "ಅರ್ಥ ಆಯ್ತಾ ಎಂದು ಪದೇ ಪದೇ ಕೇಳುತ್ತೀರಿ. ಉತ್ತರಿಸುವವರು ಮುಂದಿನ ಎರಡು ಬೆಂಚಿನವರು ಮಾತ್ರ." ಈ ಮಾತನ್ನ ಅವರು ಬರೆದ ಹಾಗೇ ಹೇಳು. ಮೆದು ಮಾಡಬೇಡ, "ಸ್ವಲ್ಪ ಸಲಹೆ ಕೊಟ್ರು" ಅಂತ ಸುತ್ತಿ ಬಳಸಿ ಹೇಳಬೇಡ. ಬೇಜಾರಾಯಿತು ಅನ್ನೋದನ್ನ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗು. ಯಾರಿಗೂ ಅದು ತಪ್ಪು ಅನ್ನಿಸಲ್ಲ. ಆದರೆ ಅಲ್ಲೇ ನಿಂತರೆ ಮೇಡಂ ಮೇಲೆ ದೂರು ಹೇಳಿದ ಹಾಗೆ ಕೇಳಿಸುತ್ತೆ.

ನಿನ್ನ ಉತ್ತರದ ಹೆಚ್ಚಿನ ಪಾಲು ಮಾರನೇ ದಿನದ್ದಾಗಿರಲಿ. ಅವತ್ತು ನೀನು "ಅರ್ಥ ಆಯ್ತಾ" ಅನ್ನೋದನ್ನ ಬಿಟ್ಟು, ಬೋರ್ಡಿನ ಮೇಲೆ 1/2 + 1/3 ಬರೆದು, ಎಲ್ಲರೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೀರಿ ಅಂದೆ. ಆಮೇಲೆ ಕೊನೆಯ ಬೆಂಚಿನ ತನಕ ನಡೆದು ನೋಡಿದರೆ, ಹಿಂದಿನ ದಿನ "ಹೂಂ ಮಿಸ್" ಅಂದಿದ್ದ ಎಷ್ಟೋ ಮಕ್ಕಳು 2/5 ಅಂತ ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದರು. ಮೇಡಂ ಹೇಳಿದ್ದು ಎಷ್ಟು ಸರಿ ಅಂತ ನಿನಗೆ ತಿಳಿದದ್ದು ಆ ನೋಟ್‌ಬುಕ್ಕುಗಳಿಂದ. ಅದನ್ನ ಸಂದರ್ಶನದಲ್ಲಿ ಖಂಡಿತ ಹೇಳು. ದೊಡ್ಡವರು ಹೇಳಿದರು ಅಂತ ಒಪ್ಪಿಕೊಂಡವಳಿಗೂ, ಹೋಗಿ ಪರೀಕ್ಷಿಸಿ ನೋಡಿ ಒಪ್ಪಿಕೊಂಡವಳಿಗೂ ವ್ಯತ್ಯಾಸ ಇದೆ. ಸಮಿತಿಯವರಿಗೆ ಎರಡನೆಯವಳು ಬೇಕು.

ಆಮೇಲೆ ನೀನು ಮಾಡಿದ್ದು ನನಗೆ ತುಂಬ ಹಿಡಿಸಿತು. ತಪ್ಪು ಅಂತ ಗೀಟು ಹಾಕದೆ, "2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?" ಅಂತ ಕೇಳಿದೆ. ಐದರಲ್ಲಿ ಅರ್ಧ ಎರಡೂವರೆ, ಹಾಗಾಗಿ 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತೆ? ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ಬರೆದ ಉತ್ತರವನ್ನ ತಾನೇ ಹೊಡೆದುಹಾಕಿದ ಅಂದೆಯಲ್ಲ, ಅದನ್ನ ಬಿಡಬೇಡ. ನಂತರ ಕಾಗದದ ಪಟ್ಟಿಯನ್ನ ಆರು ಸಮಭಾಗವಾಗಿ ಮಡಿಸಿ, ಅರ್ಧ ಅಂದರೆ ಮೂರು ಭಾಗ, ಮೂರನೇ ಒಂದು ಅಂದರೆ ಎರಡು ಭಾಗ, ಒಟ್ಟು 5/6 ಅಂತ ತೋರಿಸಿದೆ. ಲ.ಸಾ.ಅ. ನಿಯಮ ಬಂದದ್ದು ಅದಾದ ಮೇಲೆ. ಮೊದಲ ಯೋಜನೆಯಲ್ಲಿ ಆ ನಿಯಮವೇ ಮೊದಲಿತ್ತು. "ಏನು ಬದಲಾಯಿತು" ಅಂದರೆ ಈ ಕ್ರಮ ಬದಲಾಯಿತು ಅಂತ ಬೆರಳಿಟ್ಟು ತೋರಿಸುವಂತಿರಬೇಕು.

ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರೋದನ್ನ ಕಲಿತದ್ದೂ ಇದರ ಜೊತೆಗೇ ಬರುತ್ತೆ. ಮೇರಿ ಬಡ್ ರೋವ್ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನ ತರಗತಿಗಳಲ್ಲಿ ಅಳೆದು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯ್ತಾರೆ. ಮೂರು ಸೆಕೆಂಡಿನಷ್ಟು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಉತ್ತರ ಕೊಡುವವರೂ ಹೆಚ್ಚುತ್ತಾರೆ. ಇದನ್ನ ನೀನಾಗಿ ಎತ್ತಬೇಡ, ಓದಿದ್ದನ್ನ ಒಪ್ಪಿಸಿದ ಹಾಗಾಗುತ್ತೆ. ಅವರು ಕೇಳಿದರೆ ಹೇಳು.

"ಸುಧಾರಿಸಿತು ಅಂತ ನಿಮಗೆ ಹೇಗೆ ಗೊತ್ತು?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. "ಎಲ್ಲಾ ಮಕ್ಕಳಿಗೂ ಅರ್ಥ ಆಯ್ತು" ಅಂತ ಮಾತ್ರ ಹೇಳಬೇಡ. ಪಾಠ ಮಾಡಿದವರು ಯಾರೂ ಅದನ್ನ ನಂಬಲ್ಲ. ಛೇದ ಬೇರೆ ಬೇರೆ ಇರುವ ಲೆಕ್ಕದಲ್ಲಿ ಕೆಲವು ಮಕ್ಕಳು ಆಮೇಲೂ ಎಡವುತ್ತಿದ್ದರು ಅಂತ ಇದ್ದದ್ದನ್ನ ಹೇಳು. ನಿನ್ನ ಹತ್ತಿರ ಇದಕ್ಕಿಂತ ಗಟ್ಟಿ ಸಾಕ್ಷಿ ಇದೆ. ಮುಂದಿನ ತಿಂಗಳು ದಶಮಾಂಶದ ಪಾಠಕ್ಕೆ ಯಾರೂ ಹೇಳದೆಯೇ ನೀನು "0.25 ದೊಡ್ಡದೋ 0.3 ದೊಡ್ಡದೋ, ಬರೀರಿ" ಅಂತ ಶುರು ಮಾಡಿದೆ. 3ಕ್ಕಿಂತ 25 ದೊಡ್ಡದು, ಹಾಗಾಗಿ 0.25 ದೊಡ್ಡದು ಅಂದುಕೊಂಡ ಮಕ್ಕಳು ಪಾಠದ ಮೊದಲ ಐದು ನಿಮಿಷದಲ್ಲೇ ಸಿಕ್ಕರು. ಒಂದು ಪಾಠಕ್ಕೆ ಬಂದ ಟೀಕೆ ಇನ್ನೊಂದು ಪಾಠಕ್ಕೆ ತಾನಾಗಿ ಹೋಯಿತು ಅಂದರೆ ಅದು ನಿನ್ನ ಅಭ್ಯಾಸವೇ ಆಯಿತು. ಉತ್ತರವನ್ನ ಅಲ್ಲಿಗೇ ನಿಲ್ಲಿಸು. ಎರಡು ನಿಮಿಷ ಸಾಕು.

ಕಾಗದದ ಪಟ್ಟಿಗೆ ಸಮಯ ಹಾಳು ಅಂತಲೂ ಮೇಡಂ ಆಮೇಲೆ ಹೇಳಿದ್ದರು, ಅದನ್ನ ನೀನು ಪೂರ್ತಿ ಒಪ್ಪಲಿಲ್ಲ. "ಒಪ್ಪದೇ ಇದ್ದ ಟೀಕೆ ಇದೆಯಾ?" ಅಂತ ಕೇಳಿದರೆ ಇದನ್ನ ಹೇಳಬಹುದು. ಪೋರ್ಷನ್ ಮುಗಿಸುವ ಒತ್ತಡ ಅವರಿಗೆ ಗೊತ್ತಿತ್ತು, ಆ ಭಾಗ ನಿಜ. ಅದಕ್ಕೇ ಪಟ್ಟಿಯನ್ನ ಮೊದಲ ದಿನಕ್ಕೆ ಮಾತ್ರ ಇಟ್ಟುಕೊಂಡೆ, ಬಿಡಲಿಲ್ಲ ಅಂತ. ಇದನ್ನ ಹೇಳುವಾಗ ದನಿಯಲ್ಲಿ ಗೌರವ ಕಡಿಮೆಯಾಗದಿರಲಿ.

ಇನ್ನೊಂದು ವಿಷಯ. ಡೆಮೋ ಕ್ಲಾಸ್ ಮುಗಿದ ಕೂಡಲೇ "ಬೋರ್ಡಿನ ಅಕ್ಷರ ಸಣ್ಣದಾಯಿತು" ಅಂತಲೋ "ಬಹಳ ಬೇಗ ಹೋದಿರಿ" ಅಂತಲೋ ಅಲ್ಲೇ ಹೇಳಬಹುದು. ಎಷ್ಟೋ ಸಲ ನೀನು ಹೇಗೆ ತಗೋತೀಯ ಅಂತ ನೋಡೋಕೇ ಹಾಗೆ ಹೇಳ್ತಾರೆ. ಸಮಜಾಯಿಷಿ ಕೊಡಬೇಡ, ಸಾರಿ ಸಾರಿ ಅಂತಲೂ ಅನ್ನಬೇಡ. "ಕೊನೆಯ ಬೆಂಚಿಗೆ ಕಾಣಿಸಲಿಲ್ಲವೇ ಸರ್, ಅಥವಾ ಅಂಕಿಗಳು ಒತ್ತೊತ್ತಾಗಿದ್ದವೇ?" ಅಂತ ಒಂದು ಪ್ರಶ್ನೆ ಕೇಳಿ ಬರೆದುಕೋ. ಎರಡನೇ ಸಲ ಬೋರ್ಡ್ ಹತ್ತಿರ ಕರೆದರೆ ಅಕ್ಷರ ದೊಡ್ಡದಾಗಿರಬೇಕು, ಅಷ್ಟೇ.

ಮೇಡಂ ಕೈಬರಹ ಇರುವ ಹಳೇ ಪಾಠ ಯೋಜನೆಯನ್ನೂ, ಅದರ ಹಿಂದೆ ದಶಮಾಂಶದ ಯೋಜನೆಯನ್ನೂ ಫೈಲಿನಲ್ಲಿ ಇಟ್ಟುಕೋ. ಕೇಳಿದರೆ ಮಾತ್ರ ತೆಗೆ. ಭಾನುವಾರ ಸಂಜೆ ಫೋನ್ ಮಾಡಿ ಈ ಉತ್ತರವನ್ನ ನನಗೊಮ್ಮೆ ಹೇಳು, ಮಧ್ಯೆ ಮಧ್ಯೆ ತಡೆದು ಪ್ರಶ್ನೆ ಕೇಳ್ತೀನಿ. ಅಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಮ್ಮ